ಎಕ್ಸ್‌ಪೈರಿ ದಿನ ದಿಕ್ಕು ಸರಿ ಇದ್ರೂ ಪ್ರೀಮಿಯಂ ಯಾಕೆ ಕರಗುತ್ತೆ: ನಿಫ್ಟಿ ಆಪ್ಷನ್ ಲೆಕ್ಕ, ಹಂತ ಹಂತವಾಗಿ

ಮಂಗಳವಾರ ಮಧ್ಯಾಹ್ನ ಕಾಲ್ ತಗೊಂಡಿರ್ತೀರ, ನಿಫ್ಟಿ ನೀವು ಅಂದ್ಕೊಂಡ ಕಡೆನೇ 50 ಪಾಯಿಂಟ್ ಮೇಲೆ ಹೋಗಿರುತ್ತೆ, ಆದ್ರೂ ನಿಮ್ಮ ಪ್ರೀಮಿಯಂ ತಗೊಂಡ ರೇಟಿನ ಅರ್ಧಕ್ಕೆ ಬಂದಿರುತ್ತೆ. ಇದನ್ನ ನೋಡಿದವರಲ್ಲಿ ಬಹಳ ಜನ ಇದು ಆಪರೇಟರ್‌ಗಳ ಆಟ ಅಂತ ತೀರ್ಮಾನ ಮಾಡ್ಬಿಡ್ತಾರೆ. ಹೆಚ್ಚಿನ ಸಲ ಅಲ್ಲಿ ನಡೆದಿರೋದು ಬರೀ ಲೆಕ್ಕ, ಮತ್ತೆ ಆ ಲೆಕ್ಕನ ಬೆಳಗ್ಗೆ 9:30ಕ್ಕೇ ಒಂದು ಹಾಳೆ ಮೇಲೆ ಬರ್ಕೊಬಹುದು. ಹಾಗೆ ಬರ್ಕೊಳ್ಳೋದು ಹೇಗೆ, ಬರ್ಕೊಂಡಮೇಲೆ ಚಾರ್ಟ್ ಲೆವೆಲ್‌ಗಳನ್ನ ಹೇಗೆ ಓದ್ಬೇಕು ಅನ್ನೋದಷ್ಟೇ ಈ ಲೇಖನ. ಯಾವ ಸ್ಟ್ರೈಕ್ ತಗೊಳ್ಳಿ ಅಂತ ಟಿಪ್ ಕೊಡೋಕೆ ಬರೆದಿದ್ದಲ್ಲ. ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಬಿಟ್ಟ ಅಧ್ಯಯನದ ಪ್ರಕಾರ 2022ರಿಂದ 2024ರ ಮೂರು ಹಣಕಾಸು ವರ್ಷದಲ್ಲಿ ಎಫ್ ಅಂಡ್ ಓ ಮಾಡಿದ ವೈಯಕ್ತಿಕ ಟ್ರೇಡರ್‌ಗಳಲ್ಲಿ ನೂರಕ್ಕೆ 93 ಜನ ಕಳ್ಕೊಂಡಿದಾರೆ, ಅದನ್ನ ಮನಸ್ಸಲ್ಲಿ ಇಟ್ಕೊಂಡೇ ಮುಂದೆ ಓದಿ.

ಮೊದಲನೇ ಹಂತ: ಯಾವ ದಿನ, ಯಾವ ಬೆಲೆ

2025ರ ಸೆಪ್ಟೆಂಬರ್‌ನಿಂದ ನಿಫ್ಟಿ ವೀಕ್ಲಿ ಎಕ್ಸ್‌ಪೈರಿ ಮಂಗಳವಾರ, ಬಿಎಸ್‌ಇ ಸೆನ್ಸೆಕ್ಸ್‌ದು ಗುರುವಾರ. ಆ ದಿನ ರಜೆ ಇದ್ರೆ ಹಿಂದಿನ ಟ್ರೇಡಿಂಗ್ ದಿನಕ್ಕೆ ಬರುತ್ತೆ. ಬ್ಯಾಂಕ್ ನಿಫ್ಟಿ ವೀಕ್ಲಿ 2024ರ ನವೆಂಬರ್‌ನಲ್ಲೇ ನಿಂತೋಯ್ತು, ಈಗ ಅದಕ್ಕೆ ಮಂತ್ಲಿ ಮಾತ್ರ. ಹಳೇ ಯೂಟ್ಯೂಬ್ ವಿಡಿಯೋ ನೋಡಿ "ಗುರುವಾರ ನಿಫ್ಟಿ ಹೀಗೆ ಮಾಡುತ್ತೆ" ಅಂತ ನೋಟ್ಸ್ ಮಾಡ್ಕೊಂಡಿರೋರು ಇದನ್ನ ಮೊದಲು ಸರಿ ಮಾಡ್ಕೊಳ್ಳಿ.

ಇನ್ನೊಂದು ವಿಷಯ, ಇದು ಸಣ್ಣದು ಅನ್ಸುತ್ತೆ ಆದ್ರೆ ತುಂಬ ಜನಕ್ಕೆ ತೊಂದ್ರೆ ಕೊಡುತ್ತೆ. ನಿಫ್ಟಿಗೆ ವೀಕ್ಲಿ ಫ್ಯೂಚರ್ ಇಲ್ಲ, ಮಂತ್ಲಿ ಮಾತ್ರ ಇದೆ. ವೀಕ್ಲಿ ಆಪ್ಷನ್ ಸೆಟಲ್ ಆಗೋದು ಸ್ಪಾಟ್ ಇಂಡೆಕ್ಸ್ ಮೇಲೆ. ಮಂತ್ಲಿ ಫ್ಯೂಚರ್‌ಗೆ ಇನ್ನೂ 20 ದಿನ ಇದ್ರೆ ಬಡ್ಡಿ ಲೆಕ್ಕದಲ್ಲಿ ಅದು ಸ್ಪಾಟ್‌ಗಿಂತ 80, 90 ಪಾಯಿಂಟ್ ಮೇಲೆ ಓಡ್ತಾ ಇರಬಹುದು. ಫ್ಯೂಚರ್ ಚಾರ್ಟ್‌ನಲ್ಲಿ 25,100 ದಾಟಿದ್ದು ನೋಡಿ 25,100 ಕಾಲ್ ತಗೊಂಡ್ರೆ, ನಿಮ್ಮ ಆಪ್ಷನ್ ಲೆಕ್ಕದಲ್ಲಿ ಇಂಡೆಕ್ಸ್ ಇನ್ನೂ 25,015ರ ಹತ್ರನೇ ಇರುತ್ತೆ. ಎಕ್ಸ್‌ಪೈರಿ ದಿನ ಲೆವೆಲ್ ಹಾಕೋದಾದ್ರೆ ಸ್ಪಾಟ್ ಚಾರ್ಟ್ ಮೇಲೇ ಹಾಕಿ.

ಎರಡನೇ ಹಂತ: ಬೆಳಗ್ಗೆ 9:30ಕ್ಕೆ ಸ್ಟ್ರಾಡಲ್ ಬರ್ಕೊಳ್ಳಿ

ಸ್ಪಾಟ್‌ಗೆ ಹತ್ತಿರದ ಸ್ಟ್ರೈಕ್, ಅಂದ್ರೆ ಎಟಿಎಂ, ಅದರ ಕಾಲ್ ಮತ್ತು ಪುಟ್ ಎರಡರ ಪ್ರೀಮಿಯಂ ಕೂಡಿಸಿ. ಮಾರ್ಕೆಟ್ ಆ ದಿನಕ್ಕೆ ಎಷ್ಟು ಓಡಾಟ ನಿರೀಕ್ಷೆ ಮಾಡ್ತಿದೆ ಅನ್ನೋದಕ್ಕೆ ಇದಕ್ಕಿಂತ ನೇರವಾದ ಅಳತೆ ಇಲ್ಲ. ಇಂಡಿಯಾ ವಿಐಎಕ್ಸ್ ನೋಡಿ ಹೇಳ್ತೀನಿ ಅಂದ್ರೆ ಆಗಲ್ಲ, ಯಾಕಂದ್ರೆ ಅದು ಮುಂದಿನ 30 ದಿನದ ಲೆಕ್ಕ, ಇವತ್ತು ಸಾಯಂಕಾಲ ಸಾಯೋ ಆಪ್ಷನ್ ಬಗ್ಗೆ ಅದು ಏನೂ ಹೇಳಲ್ಲ. 9:15ಕ್ಕೇ ಬರ್ಕೊಬೇಡಿ, ಮೊದಲ ಹತ್ತು ಹದಿನೈದು ನಿಮಿಷ ರಾತ್ರಿ ಗ್ಯಾಪ್ ಭಯಕ್ಕೆ ಸೇರಿಸಿದ್ದ ಪ್ರೀಮಿಯಂ ಇಳಿತಾ ಇರುತ್ತೆ.

ಲೇಖನ ಪೂರ್ತಿ ಒಂದೇ ಉದಾಹರಣೆ ಇಟ್ಕೊಳ್ಳೋಣ. ನಿಫ್ಟಿ 25,000, ಐವಿ ಅಂದ್ರೆ ಆಪ್ಷನ್ ಬೆಲೆಯಲ್ಲಿ ಅಡಗಿರೋ ವರ್ಷದ ಓಡಾಟದ ಅಂದಾಜು 12%. ಈ ಐವಿಗೆ ಒಂದು ದಿನದ ಸಾಮಾನ್ಯ ಓಡಾಟ ಸುಮಾರು 189 ಪಾಯಿಂಟ್ ಅಂತ ಬರುತ್ತೆ. ಎಟಿಎಂ ಆಪ್ಷನ್ ಒಂದರ ಬೆಲೆ ಆ ಓಡಾಟದ ಹೆಚ್ಚುಕಮ್ಮಿ 0.4 ಪಾಲು. ಟ್ರೇಡಿಂಗ್ ದಿನ ಒಟ್ಟು 375 ನಿಮಿಷ, ಅದರಲ್ಲಿ ಎಷ್ಟು ಉಳಿದಿದೆಯೋ ಅದರ ವರ್ಗಮೂಲಕ್ಕೆ ತಕ್ಕ ಹಾಗೆ ಬೆಲೆ ಇಳಿಯುತ್ತೆ. ಎಕ್ಸೆಲ್ ಅಥವಾ ಗೂಗಲ್ ಶೀಟ್‌ನಲ್ಲಿ ಹೀಗೆ ಹಾಕಿ, 90 ಅನ್ನೋ ಜಾಗದಲ್ಲಿ ಉಳಿದಿರೋ ನಿಮಿಷ ಬದಲಿಸ್ತಾ ಹೋಗಿ:

```
=25000*12%/SQRT(252)*SQRT(90/375)*0.4
```

ಮಧ್ಯಾಹ್ನ 2:00ಕ್ಕೆ 90 ನಿಮಿಷ ಉಳಿದಿರುತ್ತೆ, ಉತ್ತರ 37 ಬರುತ್ತೆ. ಓಪನ್‌ನಲ್ಲಿ 75 ಇದ್ದಿದ್ದು 12:30ಕ್ಕೆ 52, 2:00ಕ್ಕೆ 37, 3:00ಕ್ಕೆ 21. ಇಂಡೆಕ್ಸ್ ಒಂದು ಪಾಯಿಂಟ್ ಕೂಡ ಅಲ್ಲಾಡದೇ ಇದ್ರೆ ಮಾತ್ರ ಈ ಸಂಖ್ಯೆ, ಮತ್ತೆ ಇವು ಮಾಡೆಲ್ ಲೆಕ್ಕ, ಸ್ಕ್ರೀನ್ ಮೇಲೆ ಎರಡು ಮೂರು ರೂಪಾಯಿ ಆಕಡೆ ಈಕಡೆ ಇದ್ದೇ ಇರುತ್ತೆ. ಆದ್ರೆ ಆಕಾರ ಇದೇ. ಬೆಳಗ್ಗಿನ ಮೊದಲ ಮೂರೂಕಾಲು ಗಂಟೆಯಲ್ಲಿ ಕಳ್ಕೊಳ್ಳೋದು 23, ಕೊನೆ ಅರ್ಧ ಗಂಟೆ ಒಂದರಲ್ಲೇ ಹೋಗೋದು 21.

ಈ ಪಟ್ಟಿ ಇನ್ನೊಂದು ಕೆಲಸಕ್ಕೂ ಬರುತ್ತೆ. 9:30ಕ್ಕೆ ಸ್ಟ್ರಾಡಲ್ 148 ಇತ್ತು ಅಂದ್ಕೊಳ್ಳಿ, 12:30ಕ್ಕೆ ಲೆಕ್ಕದ ಪ್ರಕಾರ 104ರ ಹತ್ರ ಇರಬೇಕು. ಆಗ ಸ್ಪಾಟ್ ಎಲ್ಲಿದೆಯೋ ಅಲ್ಲಿನ ಎಟಿಎಂ ಸ್ಟ್ರಾಡಲ್ ನೋಡಿ, ಬೆಳಗ್ಗಿನ ಸ್ಟ್ರೈಕ್‌ದಲ್ಲ. ಅದು 85 ಇದ್ರೆ ಟೈಮ್ ಜೊತೆಗೆ ಐವಿನೂ ಬಿದ್ದಿದೆ ಅಂತ ಅರ್ಥ, ಅಂದ್ರೆ ಇವತ್ತು ಇನ್ನೇನೂ ಆಗಲ್ಲ ಅಂತ ಮಾರೋರು ಜಾಸ್ತಿ ಆಗಿದಾರೆ. 120 ಇದ್ರೆ ಯಾರೋ ಓಡಾಟ ಬರುತ್ತೆ ಅಂತ ದುಡ್ಡು ಕೊಟ್ಟು ತಗೋತಿದಾರೆ. "ಇದ್ದಕ್ಕಿದ್ದಂತೆ ಪ್ರೀಮಿಯಂ ಕುಸೀತು" ಅನ್ನೋದರಲ್ಲಿ ಟೈಮ್ ತಿಂದಿದ್ದು ಎಷ್ಟು, ಐವಿ ಬಿದ್ದಿದ್ದು ಎಷ್ಟು ಅಂತ ಬೇರೆ ಬೇರೆ ಮಾಡಿ ನೋಡೋಕೆ ನಾನು ಬಳಸೋದು ಇದೊಂದೇ. ಟೈಮ್ ಇಳಿಸೋದು ಮೊದಲೇ ಗೊತ್ತಿರೋ ದಾರಿ. ಐವಿ ಬೀಳೋದು ಮಾತ್ರ ಗೊತ್ತಾಗದೇ ಬರುತ್ತೆ, ಬೆಳಗ್ಗಿಂದ ಒಂದು ರೇಂಜ್‌ನಲ್ಲಿ ಇದ್ದ ಇಂಡೆಕ್ಸ್ ಆ ರೇಂಜ್ ಒಡೆಯೋಕೆ ಹೋಗಿ ಸೋತು ವಾಪಸ್ ಬಂದ ಆ ಐದು ಹತ್ತು ನಿಮಿಷದಲ್ಲಿ ಅದು ಹೆಚ್ಚಾಗಿ ಆಗುತ್ತೆ, ಯಾಕಂದ್ರೆ ಬ್ರೇಕ್‌ಔಟ್‌ಗೆ ಅಂತ ತಗೊಂಡಿದ್ದೋರೆಲ್ಲ ಒಟ್ಟಿಗೆ ಮಾರೋಕೆ ಬರ್ತಾರೆ. ಸಂತೆ ಮುಗಿಯೋ ಹೊತ್ತಲ್ಲಿ ಸೊಪ್ಪಿನ ರೇಟ್ ಇಳಿಯುತ್ತಲ್ಲ ಹಾಗೆ, ನಾಳೆಗೆ ಇಟ್ಕೊಳ್ಳೋಕೆ ಆಗದ ಸರಕು ಅದು.

ಮೂರನೇ ಹಂತ: ಓಟಿಎಂ ಕುಸಿತನ ಬೇರೆಯಾಗಿ ನೋಡಿ

ಮೇಲಿನ ವರ್ಗಮೂಲದ ಲೆಕ್ಕ ಎಟಿಎಂಗೆ ಮಾತ್ರ. ಹೆಚ್ಚಿನವರು ತಗೊಳ್ಳೋದು "ಕಡಿಮೆ ರೇಟಲ್ಲಿ ಸಿಗುತ್ತೆ" ಅಂತ ನೂರು ಪಾಯಿಂಟ್ ಆಚೆಗಿನ ಓಟಿಎಂ, ಅದು ಇಳಿಯೋ ವೇಗವೇ ಬೇರೆ. ಅದೇ ಉದಾಹರಣೆಯಲ್ಲಿ 25,100 ಕಾಲ್ ಓಪನ್‌ನಲ್ಲಿ ಸುಮಾರು 36. ಸ್ಪಾಟ್ 25,000ದಲ್ಲೇ ನಿಂತಿದ್ರೆ 12:30ಕ್ಕೆ 17, 2:00ಕ್ಕೆ ಆರೂವರೆ, 3:00ಕ್ಕೆ ಒಂದು ರೂಪಾಯಿನೂ ಇಲ್ಲ. ಎಟಿಎಂ ಇನ್ನೂ ಅರ್ಧ ಬೆಲೆ ಇಟ್ಕೊಂಡಿರೋ ಹೊತ್ತಿಗೆ ಇದು ಐದರಲ್ಲಿ ನಾಲ್ಕು ಪಾಲು ಕಳ್ಕೊಂಡಿರುತ್ತೆ. ಕಾರಣ ಸರಳ: ನೂರು ಪಾಯಿಂಟ್ ಹೋಗೋಕೆ ಇಡೀ ದಿನ ಇದ್ರೆ ಅದು ಮಾಮೂಲಿ ಓಡಾಟ, ಅರ್ಧ ಗಂಟೆ ಇದ್ರೆ ಅದೇ ನೂರು ಪಾಯಿಂಟ್ ಅಪರೂಪದ ಘಟನೆ. ಸ್ಟ್ರೈಕ್ ದೂರ ಬದಲಾಗಿಲ್ಲ, ಆದ್ರೆ ಉಳಿದ ಟೈಮ್‌ಗೆ ಹೋಲಿಸಿದ್ರೆ ಅದು ಗಂಟೆ ಗಂಟೆಗೂ ದೂರ ಹೋಗ್ತಾ ಇದೆ.

ಈಗ ಶುರುವಲ್ಲಿ ಹೇಳಿದ ವಿಷಯಕ್ಕೆ ಬರೋಣ. 12:30ಕ್ಕೆ ಸ್ಪಾಟ್ 25,000 ಇದ್ದಾಗ 25,100 ಕಾಲ್ 17ಕ್ಕೆ ತಗೊಂಡ್ರಿ. 2:45ಕ್ಕೆ ಸ್ಪಾಟ್ 25,050. ದಿಕ್ಕು ಸರಿ, 50 ಪಾಯಿಂಟ್ ಬಂದಿದೆ, ಆದ್ರೆ ಆಪ್ಷನ್ ಬೆಲೆ ಎಂಟೂವರೆ ಹತ್ರ. ಅರ್ಧ ಹೋಯ್ತು. ಅದೇ ಹೊತ್ತಲ್ಲಿ 25,000 ಕಾಲ್ 52ಕ್ಕೆ ತಗೊಂಡಿದ್ರೆ ಅದು ಈಗ 58. ಅದರಲ್ಲಿ 50 ಪಾಯಿಂಟ್ ನಿಜವಾದ ಮೌಲ್ಯ, ಬರೀ ಎಂಟು ಮಾತ್ರ ಟೈಮ್ ಬೆಲೆ. ಒಂದೇ ಚಾರ್ಟ್, ಒಂದೇ ದಿಕ್ಕು, ಒಬ್ಬರಿಗೆ ಆರು ಪಾಯಿಂಟ್ ಲಾಭ, ಇನ್ನೊಬ್ಬರಿಗೆ ಅರ್ಧ ದುಡ್ಡು ನಷ್ಟ. 65ರ ಲಾಟ್‌ಗೆ 17ರ ಆಪ್ಷನ್ ಸಾವಿರದ ನೂರು ರೂಪಾಯಿ, 52ರದ್ದು ಮೂರು ಸಾವಿರದ ಮುನ್ನೂರ ಎಂಬತ್ತು, ಹಾಗಾಗಿ ಜನ ಮೊದಲನೆಯದ್ದಕ್ಕೆ ಹೋಗ್ತಾರೆ. ಸಸ್ತಾ ಅಲ್ಲ ಅದು, ಅದರ ಜೊತೆ ಒಂದು ಗಡುವು ಅಂಟಿಕೊಂಡಿದೆ ಅಷ್ಟೇ.

ನಾಲ್ಕನೇ ಹಂತ: ಗಡುವಿನ ಗೆರೆ ಎಳೀರಿ

ಇದು ಈ ಲೇಖನದಲ್ಲಿ ನಾನು ಮುಖ್ಯವಾಗಿ ಹೇಳ್ಬೇಕು ಅಂದ್ಕೊಂಡಿದ್ದು. ಸಾಮಾನ್ಯ ದಿನ ಸಪೋರ್ಟ್ ಅಂದ್ರೆ ಅಡ್ಡಗೆರೆ, ಸ್ಪಾಟ್ ಅದರ ಮೇಲಿದ್ರೆ ಟ್ರೇಡ್ ಜೀವಂತ ಅಂತ ಲೆಕ್ಕ. ಎಕ್ಸ್‌ಪೈರಿ ದಿನ ಆಪ್ಷನ್ ತಗೊಂಡವರಿಗೆ ಆ ಅಡ್ಡಗೆರೆ ಸಾಕಾಗಲ್ಲ, ಅವರ ನಿಜವಾದ ಬ್ರೇಕ್ ಈವನ್ ಓರೆಯಾಗಿ ಮೇಲಕ್ಕೆ ಹೋಗ್ತಾ ಇರೋ ಗೆರೆ.

ಅದೇ 17ರ ಕಾಲ್ ತಗೊಳ್ಳಿ. ಅದರ ಬೆಲೆ 17ರಲ್ಲೇ ಉಳೀಬೇಕು ಅಂದ್ರೆ, ಲಾಭ ಬೇಡ ಬರೀ ಅಸಲು ಉಳಿದ್ರೆ ಸಾಕು ಅಂದ್ರೆ, ಸ್ಪಾಟ್ 2:00ಕ್ಕೆ 25,049ರಲ್ಲಿ ಇರಬೇಕು. 2:45ಕ್ಕೆ 25,079. 3:00ಕ್ಕೆ 25,091. ಈ ಮೂರು ಚುಕ್ಕೆನ ಸ್ಪಾಟ್ ಚಾರ್ಟ್ ಮೇಲೆ ಇಟ್ಟು 12:30ರ 25,000ಕ್ಕೆ ಸೇರಿಸಿ ಗೆರೆ ಎಳೀರಿ. ಇಂಡೆಕ್ಸ್ ಈ ಗೆರೆ ಮೇಲೆ ಇದ್ರೆ ಮಾತ್ರ ನೀವು ಗೆಲ್ತಾ ಇದೀರ. ನಿಮ್ಮ ಅಡ್ಡ ಸಪೋರ್ಟ್ 24,980 ಒಡೆದೇ ಇಲ್ಲ, ಸ್ಟಾಪ್‌ಲಾಸ್ ಹೊಡೆದೇ ಇಲ್ಲ, ಆದ್ರೂ ದುಡ್ಡು ಹೋಯ್ತು ಅನ್ನೋದಕ್ಕೆ ಕಾರಣ ಇಂಡೆಕ್ಸ್ ಆ ಎರಡು ಗೆರೆ ಮಧ್ಯೆ ಸುಮ್ಮನೆ ಕೂತಿದ್ದು. ಹಾಗಾಗಿ ಬೆಲೆ ಸ್ಟಾಪ್ ಜೊತೆಗೆ ಟೈಮ್ ಸ್ಟಾಪ್ ಬೇಕು, ಉದಾಹರಣೆಗೆ ಇದೇ ಟ್ರೇಡ್‌ನಲ್ಲಿ 1:15 ಒಳಗೆ 25,025 ಕೂಡ ಬರಲಿಲ್ಲ ಅಂದ್ರೆ ಬೀಳದೇ ಇದ್ರೂ ಹೊರಗೆ ಬಂದುಬಿಡೋದು.

ಈ ಚುಕ್ಕೆಗಳನ್ನ ಕೈಯಲ್ಲಿ ಲೆಕ್ಕ ಹಾಕ್ಬೇಕಿಲ್ಲ. ಯಾವುದಾದ್ರೂ ಬ್ಲ್ಯಾಕ್ ಶೋಲ್ಸ್ ಕ್ಯಾಲ್ಕುಲೇಟರ್‌ನಲ್ಲಿ ಟೈಮ್ ಬದಲಿಸಿ, ಪ್ರೀಮಿಯಂ 17 ಬರೋವರೆಗೂ ಸ್ಪಾಟ್ ಬದಲಿಸ್ತಾ ಹೋದ್ರೆ ಸಿಗುತ್ತೆ. ಒಂದು ಎಚ್ಚರ: ದಿನಕ್ಕಿಂತ ಸಣ್ಣ ಟೈಮ್ ಹಾಕೋಕೆ ಬಿಡದ ಕ್ಯಾಲ್ಕುಲೇಟರ್‌ಗಳು ಎಕ್ಸ್‌ಪೈರಿ ದಿನ ಉಪಯೋಗಕ್ಕೆ ಬರಲ್ಲ, ಬೆಳಗ್ಗೆ 9:15ಕ್ಕೂ ಮಧ್ಯಾಹ್ನ 2:45ಕ್ಕೂ ಅವು ಒಂದೇ ಉತ್ತರ ಕೊಡ್ತವೆ.

ಐದನೇ ಹಂತ: ಪ್ರೀಮಿಯಂ ಚಾರ್ಟ್ ಮೇಲೆ ಲೆವೆಲ್ ಹಾಕ್ಬೇಡಿ

ಆಪ್ಷನ್‌ದೇ ಕ್ಯಾಂಡಲ್ ಚಾರ್ಟ್ ತೆಗೆದು, ಬೆಳಗ್ಗೆ 40ರಲ್ಲಿ ಎರಡು ಸಲ ನಿಂತಿದೆ ಅಂತ ಅಲ್ಲಿ ಸಪೋರ್ಟ್ ಎಳೆದು ಮಧ್ಯಾಹ್ನ 40ಕ್ಕೆ ತಗೊಳ್ಳೋರು ಎಷ್ಟೋ ಜನ. ಬೆಳಗ್ಗೆ ಎಟಿಎಂ ಕಾಲ್ 75 ಇದ್ದಾಗ ಅದೇ ಆಪ್ಷನ್ 40ಕ್ಕೆ ಬಂದಿದೆ ಅಂದ್ರೆ ಸ್ಪಾಟ್ 80, 90 ಪಾಯಿಂಟ್ ಬಿದ್ದು ಸಸ್ತಾ ಆಗಿದೆ ಅಂತ. ಮಧ್ಯಾಹ್ನ 1:45ಕ್ಕೆ ಅದೇ 40 ಅಂದ್ರೆ ಸ್ಪಾಟ್ ವಾಪಸ್ ಸ್ಟ್ರೈಕ್ ಹತ್ರನೇ ಇದೆ, 40 ಅನ್ನೋದು ಪೂರ್ತಿ ಬೆಲೆ. ಒಂದೇ ಸಂಖ್ಯೆ, ಎರಡು ಬೇರೆ ಬೇರೆ ವಸ್ತು. ಅಲ್ಲಿ ಕೊಳ್ಳೋರು ಕಾದು ಕೂತಿರ್ತಾರೆ ಅನ್ನೋಕೆ ಯಾವ ಕಾರಣನೂ ಇಲ್ಲ. ಪ್ರೀಮಿಯಂ ಚಾರ್ಟ್ ಮೇಲೆ ಆರ್‌ಎಸ್‌ಐ 20ಕ್ಕೆ ಬಂತು, ಓವರ್‌ಸೋಲ್ಡ್ ಅನ್ನೋದೂ ಇದೇ ತಪ್ಪು, ಕರಗ್ತಾ ಇರೋ ವಸ್ತು ಇಡೀ ಮಧ್ಯಾಹ್ನ ಓವರ್‌ಸೋಲ್ಡ್ ಆಗೇ ಕಾಣುತ್ತೆ. ವಿವ್ಯಾಪ್ ಸ್ವಲ್ಪ ಉಪಯೋಗ ಇದೆ, ಸರಾಸರಿ ಕೊಂಡವರು ಲಾಭದಲ್ಲಿ ಇದಾರಾ ನಷ್ಟದಲ್ಲಿ ಇದಾರಾ ಅಂತ ಗೊತ್ತಾಗುತ್ತೆ, ಆದ್ರೆ ಅದನ್ನ ಸಪೋರ್ಟ್ ಅಂತ ತಗೋಬೇಡಿ.

ಆರನೇ ಹಂತ: ಸ್ಪಾಟ್ ಲೆವೆಲ್ ಯಾಕೆ ಹಾಗೆ ಆಡುತ್ತೆ

ಸ್ಪಾಟ್ ಚಾರ್ಟ್‌ನಲ್ಲೂ ನಿನ್ನೆಯ ಹೈ, ಲೋ, ಪಿವಟ್ ಎಲ್ಲ ಮಧ್ಯಾಹ್ನದ ಮೇಲೆ ಮಂಕಾಗ್ತವೆ, ಅದರ ಬದಲು 25,000, 25,050, 25,100 ಅಂತ ಸ್ಟ್ರೈಕ್‌ಗಳೇ ಲೆವೆಲ್ ಆಗ್ತವೆ. ಕೆಲವು ದಿನ ಇಂಡೆಕ್ಸ್ ಒಂದು ಸ್ಟ್ರೈಕ್‌ಗೆ ಅಂಟಿಕೊಂಡು ಕೂತುಬಿಡುತ್ತೆ, ಕೆಲವು ದಿನ ಅದೇ ಸ್ಟ್ರೈಕ್ ದಾಟಿದ ತಕ್ಷಣ ಬಾಣದ ಥರ ಓಡುತ್ತೆ. ಎರಡಕ್ಕೂ ಕಾರಣ ಒಂದೇ, ಹೆಡ್ಜಿಂಗ್. ಯಾವ ಕಡೆಯವರು ಹೆಡ್ಜ್ ಮಾಡ್ತಿದಾರೆ ಅನ್ನೋದಷ್ಟೇ ವ್ಯತ್ಯಾಸ.

ದೊಡ್ಡ ಟ್ರೇಡಿಂಗ್ ಡೆಸ್ಕ್ ಒಂದು 25,000 ಸ್ಟ್ರಾಡಲ್ ಸಾವಿರ ಲಾಟ್ ಕೊಂಡು ಕೂತಿದೆ ಅಂದ್ಕೊಳ್ಳಿ, ಅವರಿಗೆ ದಿಕ್ಕು ಬೇಡ, ಡೆಲ್ಟಾ ಸೊನ್ನೆ ಇಟ್ಕೊಂಡಿರ್ತಾರೆ. ಇಂಡೆಕ್ಸ್ ಹತ್ತು ಪಾಯಿಂಟ್ ಏರಿದ್ರೆ ಅವರ ಕಾಲ್ ಕಡೆ ತೂಕ ಜಾಸ್ತಿ ಆಗುತ್ತೆ, ಸಮ ಮಾಡೋಕೆ ಫ್ಯೂಚರ್ ಮಾರ್ಬೇಕು. ಬೆಳಗ್ಗೆ ಓಪನ್‌ನಲ್ಲಿ ಆ ಹತ್ತು ಪಾಯಿಂಟ್‌ಗೆ ಮಾರ್ಬೇಕಾಗಿರೋದು ಸುಮಾರು 42 ಲಾಟ್. 2:45ಕ್ಕೆ ಅದೇ ಹತ್ತು ಪಾಯಿಂಟ್‌ಗೆ 120 ಲಾಟ್ ಹತ್ರ. ಇಳಿದ್ರೆ ಅಷ್ಟೇ ಕೊಳ್ಬೇಕು. ಅಂದ್ರೆ ಏರಿದಾಗ ಮಾರೋರು, ಇಳಿದಾಗ ಕೊಳ್ಳೋರು, ಅದೂ ದಿನ ಮುಗೀತಾ ಬಂದ ಹಾಗೆ ಮೂರು ಪಟ್ಟು ಜೋರಾಗಿ. ಇಂಥವರು ಜಾಸ್ತಿ ಇದ್ರೆ ಇಂಡೆಕ್ಸ್ ಸ್ಟ್ರೈಕ್‌ಗೆ ಅಂಟುತ್ತೆ, 25,000 ಮೇಲೆ 25,012ರವರೆಗೆ ಬ್ರೇಕ್‌ಔಟ್ ಕೊಟ್ಟು ವಾಪಸ್, ಕೆಳಗೆ 24,990 ಬ್ರೇಕ್‌ಡೌನ್ ಕೊಟ್ಟು ವಾಪಸ್, ಎರಡೂ ಕಡೆ ಸ್ಟಾಪ್ ಹೊಡೆಯುತ್ತೆ.

ಹೆಡ್ಜ್ ಮಾಡ್ತಿರೋರು ಮಾರಿದವರಾದ್ರೆ ಎಲ್ಲ ತಿರುಗಾ ಮುರುಗಾ. ಏರಿದಾಗ ಅವರು ಕೊಳ್ಳಲೇಬೇಕು, ಏರಿದಷ್ಟೂ ಜಾಸ್ತಿ ಕೊಳ್ಬೇಕು. ರೆಸಿಸ್ಟೆನ್ಸ್ ಅಂತ ನೀವು ಹಾಕಿದ ಜಾಗನೇ ಓಟದ ಶುರು ಆಗುತ್ತೆ.

ಇದನ್ನ ಓಪನ್ ಇಂಟರೆಸ್ಟ್ ಪಟ್ಟಿ ನೋಡಿ ಮೊದಲೇ ಹೇಳೋಕಾಗಲ್ಲ. 25,100 ಕಾಲ್‌ನಲ್ಲಿ ಓಐ ಜಾಸ್ತಿ ಇದೆ ಅಂದ್ರೆ ಅಷ್ಟು ಲಾಟ್ ಮಾರಿದವರೂ ಇದಾರೆ, ಅಷ್ಟೇ ಲಾಟ್ ಕೊಂಡವರೂ ಇದಾರೆ, ಅವರಲ್ಲಿ ಹೆಡ್ಜ್ ಮಾಡೋರು ಯಾರು ಅಂತ ಪಟ್ಟಿಯಲ್ಲಿ ಬರೆದಿರಲ್ಲ. "ದೊಡ್ಡ ಓಐ ಅಂದ್ರೆ ಗೋಡೆ" ಅನ್ನೋ ಮಾತನ್ನ ಹಾಗೇ ನಂಬೋದು ನನ್ನ ಪ್ರಕಾರ ಎಕ್ಸ್‌ಪೈರಿ ದಿನದ ದುಬಾರಿ ತಪ್ಪು. ನೋಡ್ಬೇಕಾಗಿರೋದು ಸ್ಟ್ರೈಕ್ ಮುಟ್ಟಿದಾಗ ಏನಾಗುತ್ತೆ ಅನ್ನೋದನ್ನ. ಎರಡೂ ಕಡೆಯಿಂದ ಮುಟ್ಟಿ ವಾಪಸ್ ಬರ್ತಿದೆ, ಐದು ನಿಮಿಷದ ಕ್ಯಾಂಡಲ್‌ಗಳು ಚಿಕ್ಕದಾಗ್ತಿವೆ, ಸ್ಟ್ರಾಡಲ್ ನಿಮ್ಮ ಬೆಳಗ್ಗಿನ ಪಟ್ಟಿಗಿಂತ ಬೇಗ ಇಳೀತಿದೆ ಅಂದ್ರೆ ಅದು ಅಂಟಿಕೊಳ್ಳೋ ದಿನ, ಬ್ರೇಕ್‌ಔಟ್ ಕೊಳ್ಬೇಡಿ. ಸ್ಪಾಟ್ ಸ್ಟ್ರೈಕ್ ದಾಟಿ ಹತ್ತು ಹದಿನೈದು ಪಾಯಿಂಟ್ ಆಚೆ ನಿಂತಿದೆ, ಆ ಸ್ಟ್ರೈಕ್ ಕಾಲ್ ಪ್ರೀಮಿಯಂ ಏರ್ತಾ ಓಐ ಇಳೀತಾ ಇದೆ, ಸ್ಟ್ರಾಡಲ್ ಇಳಿಯೋದು ನಿಂತಿದೆ ಅಂದ್ರೆ ಮಾರಿದವರು ಓಡ್ತಿದಾರೆ, ಆಗ ವಾಪಸ್ ಬರುತ್ತೆ ಅಂತ ಎದುರು ನಿಲ್ಲಬೇಡಿ. ಓಐ ಸಂಖ್ಯೆ ಸ್ವಲ್ಪ ತಡವಾಗಿ ಅಪ್‌ಡೇಟ್ ಆಗುತ್ತೆ, ಹಾಗಾಗಿ ಮೊದಲು ಪ್ರೀಮಿಯಂ ನೋಡಿ, ಓಐ ಆಮೇಲೆ ಖಾತ್ರಿಗೆ.

ಆಪ್ಷನ್ ಪೊಸಿಷನ್‌ಗೋಸ್ಕರನೇ ಸ್ಪಾಟ್ ಅಲ್ಲಾಡಿಸಿದ ಆರೋಪನೂ ಇದೆ. 2025ರ ಜುಲೈ 3ರ ಮಧ್ಯಂತರ ಆದೇಶದಲ್ಲಿ ಸೆಬಿ ಜೇನ್ ಸ್ಟ್ರೀಟ್ ಸಮೂಹದ ಮೇಲೆ ಇಂಥ ಆರೋಪ ಮಾಡಿ 4,843 ಕೋಟಿ ರೂಪಾಯಿ ತಡೆ ಹಿಡೀತು. ಅದರಲ್ಲಿ ವಿವರವಾಗಿ ಕೊಟ್ಟಿರೋ ದಿನ 2024ರ ಜನವರಿ 17, ಆವತ್ತು ಬ್ಯಾಂಕ್ ನಿಫ್ಟಿ ಎಕ್ಸ್‌ಪೈರಿ. ಕಂಪನಿ ಈ ಆರೋಪ ಒಪ್ಪಿಲ್ಲ. ನಿಜ ಏನೇ ತೀರ್ಮಾನ ಆಗ್ಲಿ, ಆ ಆದೇಶ ಓದಿದ್ರೆ ಒಂದು ಗೊತ್ತಾಗುತ್ತೆ, ಎಕ್ಸ್‌ಪೈರಿ ದಿನ ಆಪ್ಷನ್‌ನಲ್ಲಿ ತಿರುಗೋ ಮೊತ್ತ ಅದರ ಕೆಳಗಿರೋ ಶೇರುಗಳಲ್ಲಿ ತಿರುಗೋ ಮೊತ್ತಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಸ್ಪಾಟ್ ಚಾರ್ಟ್‌ನಲ್ಲಿ ಕಾಣೋ ಒಂದು ಚಲನೆ ಶೇರ್ ಬೇಕು ಅಂತ ಕೊಂಡಿದ್ದರಿಂದಲೇ ಬಂದಿದೆ ಅಂತ ಆವತ್ತು ಅಂದ್ಕೊಳ್ಳೋಕಾಗಲ್ಲ.

ಏಳನೇ ಹಂತ: ಮಾರೋರಿಗೆ

ಇಷ್ಟು ಓದಿದಮೇಲೆ "ಹಾಗಾದ್ರೆ ಮಾರೋದೇ ಸರಿ" ಅನ್ಸಬಹುದು, ಅಲ್ಲೂ ಲೆಕ್ಕ ನೋಡಿ. 2:30ಕ್ಕೆ ಸ್ಪಾಟ್ 25,040, 25,150 ಕಾಲ್ ಎರಡೂವರೆ ರೂಪಾಯಿ. ಒಂದು ಲಾಟ್ ಮಾರಿದ್ರೆ ಪೂರ್ತಿ ಉಳಿದ್ರೂ 160 ರೂಪಾಯಿ. ಇಪ್ಪತ್ತು ನಿಮಿಷದಲ್ಲಿ ಸ್ಪಾಟ್ 25,140 ಆದ್ರೆ ಅದು 20, ಅಂಥ ಓಟದಲ್ಲಿ ಐವಿ ಸುಮ್ಮನಿರಲ್ಲ, 15ಕ್ಕೆ ಹೋದ್ರೆ 26. ಲಾಟ್‌ಗೆ ಸಾವಿರದ ಐನೂರು ನಷ್ಟ. ಒಂಬತ್ತು ವಾರ ಗಳಿಸಿದ್ದು ಒಂದೇ ಮಧ್ಯಾಹ್ನ ಹೋಗುತ್ತೆ. ಜೊತೆಗೆ ಎಕ್ಸ್‌ಪೈರಿ ದಿನ ಶಾರ್ಟ್ ಆಪ್ಷನ್‌ಗೆ ಕಾಂಟ್ರ್ಯಾಕ್ಟ್ ಮೌಲ್ಯದ ಮೇಲೆ 2% ಹೆಚ್ಚುವರಿ ಮಾರ್ಜಿನ್ ಇದೆ, 25,000ದ ನಿಫ್ಟಿಗೆ ಲಾಟ್‌ಗೆ 32,500 ರೂಪಾಯಿ, ಮತ್ತೆ ಈ ವಾರದ್ದು ಮಾರಿ ಮುಂದಿನ ವಾರದ್ದು ಕೊಂಡ್ರೆ ಸಿಗ್ತಿದ್ದ ಕ್ಯಾಲೆಂಡರ್ ಸ್ಪ್ರೆಡ್ ರಿಯಾಯಿತಿ ಆವತ್ತು ಸಿಗಲ್ಲ. ಹಿಂದಿನ ದಿನ ಮಾರ್ಜಿನ್ ಅಂಚಿನಲ್ಲಿ ಇಟ್ಟು ಮಲಗಿದ್ರೆ ಬೆಳಗ್ಗೆ ಶಾರ್ಟೇಜ್ ಬಂದಿರುತ್ತೆ.

ಸ್ಟಾಪ್‌ಲಾಸ್ ಬಗ್ಗೆ ಒಂದು ಮಾತು. ಎನ್‌ಎಸ್‌ಇ ಆಪ್ಷನ್‌ಗಳಲ್ಲಿ 2021ರಿಂದ ಸ್ಟಾಪ್‌ಲಾಸ್ ಮಾರ್ಕೆಟ್ ಆರ್ಡರ್ ಇಲ್ಲ, ಸ್ಟಾಪ್‌ಲಾಸ್ ಲಿಮಿಟ್ ಮಾತ್ರ. ಟ್ರಿಗರ್ 6, ಲಿಮಿಟ್ 7 ಅಂತ ಹಾಕಿದೀರ, ಬೆಲೆ 5ರಿಂದ ನೇರವಾಗಿ 9ಕ್ಕೆ ಹಾರಿದ್ರೆ ಆರ್ಡರ್ ಟ್ರಿಗರ್ ಆಗಿ ಹಾಗೇ ನೇತಾಡ್ತಾ ಇರುತ್ತೆ, ಪೊಸಿಷನ್ ಕ್ಲೋಸ್ ಆಗಿರಲ್ಲ. ಕಡಿಮೆ ಬೆಲೆಯ ಆಪ್ಷನ್‌ನಲ್ಲಿ ಟ್ರಿಗರ್‌ಗೂ ಲಿಮಿಟ್‌ಗೂ ದೊಡ್ಡ ಅಂತರ ಕೊಡಿ, ಅದಕ್ಕಿಂತ ಒಳ್ಳೇದು ನೂರು ಪಾಯಿಂಟ್ ಆಚೆಗಿನ ಕಾಲ್ ಒಂದನ್ನ ಮೊದಲೇ ಕೊಂಡಿಟ್ಟು ಆಮೇಲೆ ಮಾರೋದು, ಆಗ ನಷ್ಟ ಎಲ್ಲಿಗೆ ನಿಲ್ಲುತ್ತೆ ಅನ್ನೋದಾದ್ರೂ ಗೊತ್ತಿರುತ್ತೆ.

ಎಂಟನೇ ಹಂತ: 3:00 ಆದಮೇಲೆ ಬೇರೆ ಚಾರ್ಟ್ ಬೇಕು

ಇಂಡೆಕ್ಸ್ ಆಪ್ಷನ್ ಸೆಟಲ್ ಆಗೋದು 3:30ಕ್ಕೆ ಸ್ಕ್ರೀನ್ ಮೇಲೆ ಕಂಡ ಕೊನೆ ಬೆಲೆಗಲ್ಲ. ಇಂಡೆಕ್ಸ್‌ನ ಕ್ಲೋಸಿಂಗ್ ಬೆಲೆಗೆ, ಅದು ಬರೋದು ಶೇರುಗಳ ಕೊನೆ ಅರ್ಧ ಗಂಟೆಯ, 3:00ರಿಂದ 3:30ರ, ವಾಲ್ಯೂಮ್ ತೂಕದ ಸರಾಸರಿಯಿಂದ. (ಕ್ಲೋಸಿಂಗ್ ಬೆಲೆ ಲೆಕ್ಕ ಹಾಕೋ ಕ್ರಮ ಎಕ್ಸ್‌ಚೇಂಜ್ ಬದಲಿಸಿದ್ರೆ ಈ ಹಂತನೂ ಬದಲಾಗುತ್ತೆ, ಎನ್‌ಎಸ್‌ಇ ಸರ್ಕ್ಯುಲರ್ ನೋಡ್ತಾ ಇರಿ.) ಇದರ ಪರಿಣಾಮ ತುಂಬ ಜನಕ್ಕೆ ಅಂದಾಜಿಲ್ಲ.

3:20 ಆಗಿದೆ, ಸ್ಪಾಟ್ 25,110. 25,100 ಕಾಲ್ ಹಿಡ್ಕೊಂಡಿದೀರ, ಹತ್ತು ಪಾಯಿಂಟ್ ಐಟಿಎಂ ಅಂತ ಕಾಣುತ್ತೆ, ಆದ್ರೆ ಪ್ರೀಮಿಯಂ ಒಂದೆರಡು ರೂಪಾಯಿ ಇದೆ, ಅದೂ ಇಳೀತಾ ಇದೆ. ಸಸ್ತಾ ಸಿಕ್ತು ಅಂತ ಇನ್ನೂ ಕೊಳ್ಳೋರು ಈ ಹೊತ್ತಲ್ಲೇ ಸಿಕ್ಕಿ ಹಾಕ್ಕೊಳ್ಳೋದು. ಕಳೆದ 20 ನಿಮಿಷದ ಸರಾಸರಿ 25,080 ಇದ್ರೆ, ಉಳಿದ ಹತ್ತು ನಿಮಿಷ ಪೂರ್ತಿ 25,110ರಲ್ಲೇ ನಿಂತ್ರೂ ಒಟ್ಟು ಸರಾಸರಿ 25,090. ಕಾಲ್ ಸೊನ್ನೆ. ಅದು ಬರೀ ಸ್ಟ್ರೈಕ್ ಮುಟ್ಬೇಕು ಅಂದ್ರೂ ಆ ಹತ್ತು ನಿಮಿಷದ ಸರಾಸರಿ 25,140 ಆಗ್ಬೇಕು. ಎಲ್ಲ ನಿಮಿಷಕ್ಕೂ ವಾಲ್ಯೂಮ್ ಒಂದೇ ಅಂತ ಇಟ್ಕೊಂಡು ಹಾಕಿದ ಅಂದಾಜು ಇದು, ಕೊನೆಯಲ್ಲಿ ವಾಲ್ಯೂಮ್ ಜಾಸ್ತಿ ಬಂದ್ರೆ ಆ ನಿಮಿಷಗಳ ತೂಕ ಸ್ವಲ್ಪ ಏರುತ್ತೆ, ಆದ್ರೂ ದಿಕ್ಕು ಇದೇ.

ಹಾಗಾಗಿ 3:00ರಿಂದ ಒಂದು ನಿಮಿಷದ ಚಾರ್ಟ್‌ನಲ್ಲಿ ಪ್ರತಿ ಕ್ಯಾಂಡಲ್ ಕ್ಲೋಸ್ ಶೀಟ್‌ಗೆ ಹಾಕ್ತಾ ಸರಾಸರಿ ನೋಡಿ. ಇದು ಕೂತು ಮಾಡ್ಬೇಕಾದ ಕೆಲಸ, ಬೇಜಾರು, ಆದ್ರೆ ಆ ಹೊತ್ತಿನ ನಿಜವಾದ ಸ್ಪಾಟ್ ಅದೇ. ಸ್ಟ್ರೈಕ್‌ನ ಹತ್ತಿರದ ಲೆವೆಲ್ 3:22ಕ್ಕೆ ಒಡೆದ್ರೆ ಕ್ಯಾಂಡಲ್ ದೊಡ್ಡದಾಗಿ ಕಾಣುತ್ತೆ, ಆಪ್ಷನ್ ಅಲ್ಲಾಡೋದೇ ಇಲ್ಲ. ಅದೇ ಒಡೆತ 3:02ಕ್ಕೆ ಆಗಿದ್ರೆ ಇಡೀ ಸರಾಸರಿಯನ್ನ ಎಳ್ಕೊಂಡು ಹೋಗುತ್ತೆ. ಮೇಲೆ ಕೊಟ್ಟ 3:00ರ ಬೆಲೆಗಳು ಕೂಡ ಸಾದಾ ಮಾಡೆಲ್‌ದು, ಸರಾಸರಿಯಿಂದಾಗಿ ನಿಜವಾದ ಪ್ರೀಮಿಯಂ ಅದಕ್ಕಿಂತ ಇನ್ನೂ ಕಡಿಮೆ ಇರುತ್ತೆ, 21 ಅಂತ ಬರೆದಿರೋ ಎಟಿಎಂ 13ರ ಹತ್ರ ಸಿಕ್ಕಿದ್ರೆ ಆಶ್ಚರ್ಯ ಪಡ್ಬೇಡಿ.

ಕ್ಲೋಸ್ ತನಕ ಹಿಡ್ಕೊಳ್ಳೋದಾದ್ರೆ, ಐಟಿಎಂ ಇದ್ರೆ ತಾನಾಗೇ ನಗದಲ್ಲಿ ಸೆಟಲ್ ಆಗುತ್ತೆ, ಎಸ್‌ಟಿಟಿ ಆಗ ಪ್ರೀಮಿಯಂ ಮೇಲಲ್ಲ, ಸ್ಟ್ರೈಕ್‌ಗೂ ಕ್ಲೋಸಿಂಗ್‌ಗೂ ಇರೋ ವ್ಯತ್ಯಾಸದ ಮೇಲೆ ಬೀಳುತ್ತೆ. ಇಂಟ್ರಾಡೇ ಅಂತ ತಗೊಂಡಿದ್ರೆ ಬ್ರೋಕರ್ 3:15ರ ನಂತರ ಯಾವಾಗ ಬೇಕಾದ್ರೂ ಸ್ಕ್ವೇರ್ ಆಫ್ ಮಾಡಬಹುದು, ಆ ಟೈಮ್ ಬ್ರೋಕರ್ ಬ್ರೋಕರ್‌ಗೆ ಬೇರೆ, ನಿಮ್ಮದು ಎಷ್ಟು ಅಂತ ಸೋಮವಾರವೇ ನೋಡಿಟ್ಕೊಳ್ಳಿ. ಓಟಿಎಂ ಐದು ಪೈಸೆಗೆ ಬಂದಿದ್ರೆ ಮಾರೋಕೆ ಹೋದ್ರೂ ಕೊಳ್ಳೋರು ಸಿಗದೇ ಇರಬಹುದು, ಸಾಲಲ್ಲಿ ನಿಮ್ಮ ಮುಂದೆ ಲಕ್ಷಾಂತರ ಕ್ವಾಂಟಿಟಿ ನಿಂತಿರುತ್ತೆ, ಅದನ್ನ ಹಾಗೇ ಎಕ್ಸ್‌ಪೈರ್ ಆಗೋಕೆ ಬಿಟ್ರೆ ಕೊನೆಪಕ್ಷ ಬ್ರೋಕರೇಜ್ ಉಳಿಯುತ್ತೆ.